ಬಿಸಿ ಹಾಲಿಗೆ ಜಾಯಿಕಾಯಿ: ಚಿಟಿಕೆ ಎಲ್ಲಿ ಮುಗಿಯುತ್ತದೆ, ವಿಷ ಎಲ್ಲಿ ಶುರುವಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಿದ್ದೆ ಬರದಿದ್ದರೆ ಬಿಸಿ ಹಾಲಿಗೆ ಸ್ವಲ್ಪ ಜಾಯಿಕಾಯಿ ಹಾಕಿ ಕುಡಿ ಅನ್ನುವುದು ಬಹಳ ಹಳೆಯ ಮನೆಮದ್ದು. ಆದರೆ ಹೇಳುವವರು 'ಸ್ವಲ್ಪ' ಅನ್ನುತ್ತಾರೆಯೇ ಹೊರತು ಎಷ್ಟು ಅಂತ ಹೇಳುವುದಿಲ್ಲ. ಈ ಮದ್ದಿನಲ್ಲಿ ಅಪಾಯ ಇರುವುದು ಆ ಅಳತೆಯಲ್ಲಿ. ಒಂದು ಚಿಟಿಕೆ ಜಾಯಿಕಾಯಿ ಬರೀ ಮಸಾಲೆ. ಎರಡು ಮೂರು ಚಮಚ ಜಾಯಿಕಾಯಿ ವಿಷ. ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಹಾಗಾಗಿ ಈ ಪುಟದಲ್ಲಿ ಅಳತೆ ಮತ್ತು ಸಮಯದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಜಾಯಿಕಾಯಿ ಹಾಲು ಕುಡಿದರೆ ನಿಜವಾಗಿಯೂ ನಿದ್ದೆ ಬರುತ್ತದಾ?

ಕೆಲವರಿಗೆ ಬರುತ್ತದೆ. ಆದರೆ ಅದು ಜಾಯಿಕಾಯಿಯಿಂದಲೇ ಬಂತು ಎಂದು ಹೇಳುವಷ್ಟು ಪುರಾವೆ ಇಲ್ಲ. ಜಾಯಿಕಾಯಿಯ ಸಾರ ಅಥವಾ ಎಣ್ಣೆ ಕೊಟ್ಟಾಗ ಪ್ರಾಣಿಗಳು ಹೆಚ್ಚು ಹೊತ್ತು ಮಲಗಿದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಕೋಳಿಮರಿಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗದಲ್ಲಿ, ಮದ್ಯದಿಂದ ಬಂದ ನಿದ್ದೆಯನ್ನು ಜಾಯಿಕಾಯಿ ಎಣ್ಣೆ ಇನ್ನಷ್ಟು ಉದ್ದ ಮಾಡಿತ್ತು. ಆದರೆ ಅಲ್ಲೆಲ್ಲ ಕೊಟ್ಟಿದ್ದು ನಾವು ಹಾಲಿಗೆ ಉದುರಿಸುವ ಚಿಟಿಕೆಯಷ್ಟನ್ನಲ್ಲ. ಚಿಟಿಕೆಯಷ್ಟು ಜಾಯಿಕಾಯಿ ಮನುಷ್ಯರ ನಿದ್ದೆಯನ್ನು ಬದಲಿಸುತ್ತದೆ ಎಂದು ಭರವಸೆಯಿಂದ ಹೇಳಬಲ್ಲ ಪರೀಕ್ಷೆ ಇಲ್ಲ.

ಹಾಗಂತ ಈ ಲೋಟದಲ್ಲಿ ಏನೂ ಇಲ್ಲ ಎಂದೂ ಅಲ್ಲ. ಬಿಸಿ ಹಾಲು ಹೊಟ್ಟೆಗೆ ಹಿತ. ಹಸಿವಿನಿಂದ ಎಚ್ಚರವಾಗುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯ, ದಿನಾ ಅದೇ ಹೊತ್ತಿಗೆ ದೀಪ ಕಡಿಮೆ ಮಾಡಿ, ಮೊಬೈಲ್ ಬದಿಗಿಟ್ಟು, ಕೂತು ಏನೋ ಬೆಚ್ಚಗಿನದನ್ನು ಕುಡಿಯುವುದು ಮೈಗೆ 'ಇನ್ನು ಮಲಗುವ ಹೊತ್ತು' ಎಂದು ಕಲಿಸುತ್ತದೆ. ಹಾಲಿನ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಂಶ ಇದೆ, ಅದರಿಂದಲೇ ನಿದ್ದೆ ಎಂದು ಹೇಳುವುದುಂಟು. ಇರುವುದು ನಿಜ. ಆದರೆ ಒಂದು ಲೋಟದಲ್ಲಿ ಅದು ತುಂಬಾ ಕಡಿಮೆ. ಜೊತೆಗೆ ಹಾಲಿನ ಪ್ರೋಟೀನಿನಲ್ಲೇ ಇರುವ ಬೇರೆ ಅಂಶಗಳು ಮಿದುಳಿಗೆ ಹೋಗುವ ದಾರಿಯಲ್ಲಿ ಅದರೊಂದಿಗೆ ಪೈಪೋಟಿ ನಡೆಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಈ ಮದ್ದಿನಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಹಾಲು, ಬಿಸಿ ಮತ್ತು ಅಭ್ಯಾಸ. ಜಾಯಿಕಾಯಿ ಪರಿಮಳ ಕೊಡುತ್ತದೆ. ಆ ಪರಿಮಳಕ್ಕೆ ಚಿಟಿಕೆ ಧಾರಾಳ ಸಾಕು.

ಚಿಟಿಕೆ ಅಂದರೆ ಸರಿಯಾಗಿ ಎಷ್ಟು?

ಒಬ್ಬರ ಚಿಟಿಕೆ ಇನ್ನೊಬ್ಬರ ಚಿಟಿಕೆಗಿಂತ ದೊಡ್ಡದು. ಹಾಗಾಗಿ ಚಮಚದಿಂದ ಹೇಳುತ್ತೇನೆ. ಅಳತೆಯ ಟೀ ಚಮಚಕ್ಕೆ ಜಾಯಿಕಾಯಿ ಪುಡಿ ತುಂಬಿ ಮೇಲೆ ಸಮ ಮಾಡಿದರೆ ಸುಮಾರು 2.2 ಗ್ರಾಂ ತೂಗುತ್ತದೆ. ಅದರ ಎಂಟನೇ ಒಂದು ಭಾಗ ಸುಮಾರು 0.3 ಗ್ರಾಂ. ಒಬ್ಬ ದೊಡ್ಡವರ ಒಂದು ಲೋಟ ಹಾಲಿಗೆ ಇದೇ ಮೇಲಿನ ಮಿತಿ ಎಂದು ಇಟ್ಟುಕೊಳ್ಳಿ. ಇದರ ಅರ್ಧ ಹಾಕಿದರೂ ಪರಿಮಳ ಚೆನ್ನಾಗಿಯೇ ಬರುತ್ತದೆ.

ಎಂಟನೇ ಒಂದು ಭಾಗದ ಚಮಚ ಇಲ್ಲದಿದ್ದರೆ ಕಾಲು ಟೀ ಚಮಚ ಸಮವಾಗಿ ತೆಗೆದುಕೊಂಡು ಒಂದು ಕಾಗದದ ಮೇಲೆ ಸುರಿದು, ಚಾಕುವಿನಿಂದ ಎರಡು ಪಾಲು ಮಾಡಿ. ಒಂದು ಪಾಲು ಇವತ್ತಿಗೆ, ಇನ್ನೊಂದನ್ನು ವಾಪಸ್ ಡಬ್ಬಿಗೆ ಹಾಕಿ. ಅಡುಗೆಮನೆಯ ಸಾಮಾನ್ಯ ತಕ್ಕಡಿಯನ್ನು ಇಲ್ಲಿ ನಂಬಬೇಡಿ. ಒಂದು ಗ್ರಾಂಗಿಂತ ಕಡಿಮೆ ತೂಕವನ್ನು ಅದು ಸರಿಯಾಗಿ ತೋರಿಸುವುದಿಲ್ಲ.

ಊಟದ ಚಮಚದಲ್ಲಿ ತುಂಬಿ ಮೇಲೆ ಗೋಪುರ ಮಾಡಿ ಹಾಕುವವರು ಇದ್ದಾರೆ. ಹಾಗೆ ಒಂದೇ ಸಲ 7 ಗ್ರಾಂ ಅಥವಾ ಇನ್ನೂ ಜಾಸ್ತಿ ಬಿದ್ದುಬಿಡುತ್ತದೆ. ಅಷ್ಟು ಅಂದರೆ ಒಂದು ಇಡೀ ಜಾಯಿಕಾಯಿಯ ತೂಕ.

ಮಾಡುವುದು ಹೇಗೆ?

ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ಹಾಲನ್ನು ಕುಡಿಯುವಷ್ಟು ಬಿಸಿ ಮಾಡಿ ಒಲೆಯಿಂದ ಇಳಿಸಿ. ಇಳಿಸಿದ ಮೇಲೆ ಪುಡಿ ಹಾಕಿ ಕಲಕಿ. ಪುಡಿ ಹಾಕಿ ಕುದಿಸಿದರೆ ಪರಿಮಳದ ಎಣ್ಣೆ ಆವಿಯಲ್ಲಿ ಹೋಗುತ್ತದೆ, ಆಮೇಲೆ 'ರುಚಿ ಸಾಲದು' ಎಂದು ಇನ್ನಷ್ಟು ಹಾಕುವ ಮನಸ್ಸಾಗುತ್ತದೆ. ಮಲಗುವ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಕುಡಿಯಿರಿ.

ಜಾಯಿಕಾಯಿ ಪುಡಿ ಹಾಲಿನಲ್ಲಿ ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಪಾತ್ರೆಯಲ್ಲಿ ನಾಲ್ಕು ಜನಕ್ಕೆ ಒಟ್ಟಿಗೆ ಮಾಡಿ ಬಗ್ಗಿಸಿದರೆ ಕೊನೆಯ ಲೋಟಕ್ಕೆ ಎಲ್ಲರ ಪಾಲೂ ಸೇರಿಕೊಳ್ಳುತ್ತದೆ. ಅದಕ್ಕೇ ಲೋಟಕ್ಕೆ ಬೇರೆ ಬೇರೆಯಾಗಿ ಹಾಕುವುದು ಒಳ್ಳೆಯದು.

ಜಾಯಿಕಾಯಿಯಲ್ಲಿ ವಿಷ ಅನ್ನುವಂಥದ್ದು ಏನಿದೆ?

ಜಾಯಿಕಾಯಿ ಒಂದು ಮರದ ಬೀಜ. ಅದರಲ್ಲಿ ಎರಡು ಬಗೆಯ ಎಣ್ಣೆ ಇದೆ. ಒಂದು ಬೆಣ್ಣೆಯಂತೆ ಗಟ್ಟಿಯಾಗುವ ಕೊಬ್ಬು. ಇನ್ನೊಂದು ಪರಿಮಳ ಕೊಡುವ, ಗಾಳಿಗೆ ಆರುವ ಎಣ್ಣೆ. ಈ ಎರಡನೆಯದು ಬೀಜದ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ, ಬೀಜದಿಂದ ಬೀಜಕ್ಕೆ ಹೆಚ್ಚುಕಡಿಮೆ ಆಗುತ್ತದೆ. ತೊಂದರೆ ಕೊಡುವ ವಸ್ತುಗಳು ಇರುವುದು ಈ ಪರಿಮಳದ ಎಣ್ಣೆಯಲ್ಲಿ. ಮುಖ್ಯವಾದದ್ದು ಮಿರಿಸ್ಟಿಸಿನ್. ಅದರ ಜೊತೆ ಎಲಿಮಿಸಿನ್, ಸ್ಯಾಫ್ರೋಲ್ ಎಂಬುವೂ ಇವೆ.

ಮಿರಿಸ್ಟಿಸಿನ್ ಮಿದುಳಿನಲ್ಲಿ ಸರಿಯಾಗಿ ಏನು ಮಾಡುತ್ತದೆ ಎಂಬುದು ಪೂರ್ತಿ ಇತ್ಯರ್ಥವಾಗಿಲ್ಲ. ಯಕೃತ್ತು ಅದನ್ನು ಆಂಫೆಟಮಿನ್ ಎಂಬ ಉತ್ತೇಜಕ ಮಾದಕದ ಜಾತಿಯ ವಸ್ತುವಾಗಿ ಬದಲಿಸುತ್ತದೆ ಎಂಬ ಊಹೆ 1960ರ ದಶಕದಿಂದ ಇದೆ. ಆದರೆ ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಮೈಮೇಲೆ ಅದರ ಪರಿಣಾಮ ಏನು ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ: ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಗಾಬರಿ, ಗೊಂದಲ, ಕೆಲವರಿಗೆ ಇಲ್ಲದ್ದು ಕಾಣಿಸುವುದು.

ಎಷ್ಟರಿಂದ ಅಪಾಯ ಶುರು?

ದೊಡ್ಡವರಲ್ಲಿ 5 ಗ್ರಾಂ ಸುಮಾರಿಗೆ ವಿಷದ ಲಕ್ಷಣ ಕಾಣಿಸಿಕೊಂಡ ಉದಾಹರಣೆಗಳಿವೆ. ಅಂದರೆ ಎರಡರಿಂದ ಎರಡೂವರೆ ಟೀ ಚಮಚ, ಅಥವಾ ಒಂದು ಸಣ್ಣ ಕಾಯಿ. 10 ಗ್ರಾಂ ದಾಟಿದರೆ ಲಕ್ಷಣಗಳು ಜೋರಾಗಿಯೇ ಬರುತ್ತವೆ.

ಇದನ್ನು ಮೈ ತೂಕದ ಲೆಕ್ಕದಲ್ಲಿ ನೋಡಿದರೆ ಚಿಟಿಕೆಗೂ ಚಮಚಕ್ಕೂ ಇರುವ ದೂರ ಚೆನ್ನಾಗಿ ಕಾಣುತ್ತದೆ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 10 ಮಿ.ಗ್ರಾಂ ಮಿರಿಸ್ಟಿಸಿನ್ ಇರುತ್ತದೆ ಎಂದುಕೊಳ್ಳೋಣ. ಒಳ್ಳೆಯ ತಾಜಾ ಕಾಯಿಯಲ್ಲಿ ಇದಕ್ಕಿಂತ ಜಾಸ್ತಿಯೂ ಇರಬಹುದು. ಮೈ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿ.ಗ್ರಾಂ ಸೇರಿದಾಗ ಮಿದುಳಿನ ಮೇಲೆ ಪರಿಣಾಮ ಕಾಣುತ್ತದೆ ಎಂದು ಅಂದಾಜಿದೆ. 60 ಕಿಲೋ ತೂಕದವರಿಗೆ ಅದು 60 ಮಿ.ಗ್ರಾಂ, ಅಂದರೆ ಸುಮಾರು 6 ಗ್ರಾಂ ಪುಡಿ. 0.3 ಗ್ರಾಂ ಚಿಟಿಕೆಯಲ್ಲಿ ಇರುವುದು ಬರೀ 3 ಮಿ.ಗ್ರಾಂ. ಅಂದರೆ ಅಪಾಯದ ಗೆರೆ ಚಿಟಿಕೆಯಿಂದ ಸುಮಾರು ಇಪ್ಪತ್ತು ಪಟ್ಟು ದೂರದಲ್ಲಿದೆ. ಕೇಳುವುದಕ್ಕೆ ಬಹಳ ದೂರ ಅನ್ನಿಸುತ್ತದೆ, ಅಲ್ವಾ? ಆದರೆ ಆ ಇಪ್ಪತ್ತು ಪಟ್ಟು ಮೂರು ಟೀ ಚಮಚದೊಳಗೆ ಮುಗಿದುಹೋಗುತ್ತದೆ.

ಹಾಗಂತ 4 ಗ್ರಾಂ ತನಕ ಕ್ಷೇಮ ಎಂದು ಓದಿಕೊಳ್ಳಬೇಡಿ. ಕಾಯಿಯಲ್ಲಿರುವ ಎಣ್ಣೆ ಬೇರೆ ಬೇರೆ, ಜನರ ಯಕೃತ್ತು ಬೇರೆ ಬೇರೆ, ತೂಕವೂ ಬೇರೆ. 40 ಕಿಲೋ ತೂಕದ ಹುಡುಗಿಗೆ ಗೆರೆ 4 ಗ್ರಾಂನಲ್ಲೇ ಸಿಗಬಹುದು.

ಕುಡಿದು ಒಂದು ಗಂಟೆ ಆಯ್ತು, ಏನೂ ಅನ್ನಿಸುತ್ತಿಲ್ಲ. ಇನ್ನೊಂದು ಸ್ವಲ್ಪ ಹಾಕಿಕೊಳ್ಳಲಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಜಾಯಿಕಾಯಿ ನಿಧಾನ. ಜಾಸ್ತಿ ತಿಂದವರಲ್ಲಿ ಲಕ್ಷಣಗಳು ಸಾಮಾನ್ಯವಾಗಿ 3ರಿಂದ 6 ಗಂಟೆ ಕಳೆದ ಮೇಲೆ ಶುರುವಾಗುತ್ತವೆ. ಕೆಲವರಿಗೆ ಇನ್ನೂ ತಡ. ಹಾಗಾಗಿ ಮೊದಲ ಒಂದೆರಡು ಗಂಟೆ ಏನೂ ಆಗಲಿಲ್ಲ ಎಂದರೆ 'ಸಾಲಲಿಲ್ಲ' ಎಂದು ಅರ್ಥವಲ್ಲ. ಇನ್ನೂ ಬಂದಿಲ್ಲ ಎಂದಷ್ಟೇ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ರಾತ್ರಿಯನ್ನು ಗಂಟೆ ಗಂಟೆಯಾಗಿ ನೋಡೋಣ. ಇದು ಒಬ್ಬರ ನಿಜವಾದ ಕಥೆಯಲ್ಲ. ವಿಷ ಏರುವ ರೀತಿಯನ್ನು ತೋರಿಸಲು ಕಟ್ಟಿದ ಉದಾಹರಣೆ.

60 ಕಿಲೋ ತೂಕದ ಒಬ್ಬ ಮಹಿಳೆ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಯಾರೋ ಜಾಯಿಕಾಯಿ ಹಾಲು ಹೇಳಿದರು, ಅಳತೆ ಹೇಳಲಿಲ್ಲ. ರಾತ್ರಿ 10ಕ್ಕೆ ಹೊಸದಾಗಿ ತುರಿದ ಜಾಯಿಕಾಯಿ ಒಂದು ಟೀ ಚಮಚ ಹಾಕಿ ಕುಡಿದರು. 2.2 ಗ್ರಾಂ. 11 ಗಂಟೆಯಾದರೂ ಕಣ್ಣು ಮುಚ್ಚಲಿಲ್ಲ. ಇನ್ನೊಂದು ಲೋಟ ಬಿಸಿ ಮಾಡಿ ಈ ಸಲ ಎರಡು ಚಮಚ ಹಾಕಿದರು. ಒಟ್ಟು 6.6 ಗ್ರಾಂ ಆಯಿತು, ಕಡಿಮೆ ಎಂದರೂ 66 ಮಿ.ಗ್ರಾಂ ಮಿರಿಸ್ಟಿಸಿನ್. ಅವರ ತೂಕಕ್ಕೆ ಗೆರೆ ದಾಟಿದೆ, ಆದರೆ ಅವರಿಗೆ ಇನ್ನೂ ಏನೂ ಗೊತ್ತಾಗಿಲ್ಲ. ಮೂರು ದಿನದ ದಣಿವಿಗೆ 12ರ ಹೊತ್ತಿಗೆ ನಿದ್ದೆ ಹತ್ತಿತು. 'ಮದ್ದು ಕೆಲಸ ಮಾಡಿತು' ಎಂದು ಮನೆಯವರು ಅಂದುಕೊಂಡರು.

2 ಗಂಟೆಗೆ ಎಚ್ಚರವಾಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಷ್ಟು ಬಾಯಿ ಒಣಗಿದೆ. ಎದೆ ಡವಡವ ಎನ್ನುತ್ತಿದೆ, ಮುಖ ಬಿಸಿ. ನೀರು ಕುಡಿಯಲು ಎದ್ದರೆ ತಲೆ ಸುತ್ತಿತು, ಹೊಟ್ಟೆ ತೊಳಸಿತು. 3ರ ಹೊತ್ತಿಗೆ ಕಾರಣವಿಲ್ಲದೆ ವಿಪರೀತ ಭಯ. ಸಾಯುತ್ತಿದ್ದೇನೆ ಎನ್ನುವಂಥ ಭಯ. ಜಾಯಿಕಾಯಿ ವಿಷದಲ್ಲಿ ಈ ಭಯ ಮತ್ತೆ ಮತ್ತೆ ವರದಿಯಾದ ಲಕ್ಷಣ. ಮನೆಯವರು ನೆನೆಸುವುದು ಹೃದಯಾಘಾತವನ್ನೋ ಮಾನಸಿಕ ಗಾಬರಿಯನ್ನೋ. ನಾಲ್ಕು ಗಂಟೆ ಹಿಂದೆ ಕುಡಿದ ಹಾಲು ಯಾರಿಗೂ ನೆನಪಿಗೆ ಬರುವುದಿಲ್ಲ. ಬಂದರೂ 'ಅದು ಮಸಾಲೆ ತಾನೇ' ಎಂದು ಬಿಟ್ಟುಬಿಡುತ್ತಾರೆ.

ಮಾರನೇ ದಿನ ಪೂರ್ತಿ ಮಂಪರು. ಸ್ವಲ್ಪ ಹೊತ್ತು ನಿದ್ದೆ, ಮತ್ತೆ ಚಡಪಡಿಕೆ. ಸರಿಹೋಗಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ದಿನ ಬೇಕು, ಕೆಲವರಿಗೆ ಮೂರು ದಿನವೂ ಹಿಡಿಯುತ್ತದೆ.

ಅವರು 11 ಗಂಟೆಗೆ ಎರಡನೇ ಲೋಟ ಮಾಡದೆ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಮೊದಲ ಲೋಟದ ಒಂದು ಚಮಚವೇ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿಯಾಗಿತ್ತು, ಆ ಮಾತು ಬೇರೆ. ಒಂದು ರಾತ್ರಿಗೆ ಒಂದೇ ಲೋಟ. ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು ಏನಾದರೂ ಓದಿ. ಡಬ್ಬಿ ಮತ್ತೆ ತೆಗೆಯಬೇಡಿ.

ಜಾಸ್ತಿ ಹಾಕಿದರೆ ನಿದ್ದೆಯೂ ಜಾಸ್ತಿ ಬರಬೇಕಲ್ವಾ?

ಇಲ್ಲ. ಮೇಲಿನ ರಾತ್ರಿಯನ್ನೇ ನೋಡಿ. ಹೆಚ್ಚಿನ ಪ್ರಮಾಣದಲ್ಲಿ ಮಂಪರು ಬರುವುದು ನಿಜ. ಆದರೆ ಅದು ಚಡಪಡಿಕೆ, ಎದೆಬಡಿತ, ಗೊಂದಲದ ಜೊತೆ ಬೆರೆತು ಬರುತ್ತದೆ. ಅದರಿಂದ ಎದ್ದವರಿಗೆ ದಣಿವು ಆರಿರುವುದಿಲ್ಲ. ನರವಿಜ್ಞಾನದಲ್ಲಿ ಹೆಸರಾದ ಪುರ್ಕಿನ್ಯೆ 19ನೇ ಶತಮಾನದಲ್ಲಿ ತನ್ನ ಮೇಲೇ ಪ್ರಯೋಗ ಮಾಡಿಕೊಳ್ಳಲು ಮೂರು ಜಾಯಿಕಾಯಿ ತಿಂದಿದ್ದ. ಕನಸು ಯಾವುದು ಎಚ್ಚರ ಯಾವುದು ಎಂದು ತಿಳಿಯದ ಸ್ಥಿತಿಗೆ ಹೋದ. ಅದಕ್ಕೂ ಬಹಳ ಹಿಂದೆ, 1576ರಲ್ಲಿ, ಲೊಬೇಲಿಯಸ್ ಎಂಬ ಸಸ್ಯವಿಜ್ಞಾನಿ ಹತ್ತು ಹನ್ನೆರಡು ಜಾಯಿಕಾಯಿ ತಿಂದು ಅಮಲೇರಿ ಬಡಬಡಿಸಿದ ಒಬ್ಬ ಗರ್ಭಿಣಿಯ ವಿಷಯ ಬರೆದಿದ್ದಾನೆ. ಅಂದರೆ ಇದು ವಿಷವಾಗುತ್ತದೆ ಎಂಬುದು ಹೊಸ ಸುದ್ದಿಯೇನಲ್ಲ.

ಹೆಚ್ಚಾಗಿದೆ ಎಂದು ಗುರುತಿಸುವುದು ಹೇಗೆ?

ಬಾಯಿ ಒಣಗುವುದು ಮತ್ತು ಎದೆ ಜೋರಾಗಿ ಹೊಡೆದುಕೊಳ್ಳುವುದು ಸಾಮಾನ್ಯವಾಗಿ ಮೊದಲು ಬರುತ್ತವೆ. ಮುಖ ಕೆಂಪಾಗಬಹುದು. ವಾಕರಿಕೆ, ವಾಂತಿ, ಹೊಟ್ಟೆನೋವು ಇರಬಹುದು. ಮೂತ್ರ ಬಂದಂತೆ ಅನ್ನಿಸಿದರೂ ಹೋಗಲು ಆಗದಿರಬಹುದು. ಆಮೇಲೆ ತಲೆಸುತ್ತು, ಕೈಕಾಲು ಜೋಮು, ಗಾಬರಿ, ಅಸಂಬದ್ಧ ಮಾತು.

ದತ್ತೂರಿ ಬೀಜ ತಿಂದವರಲ್ಲೂ ಹೆಚ್ಚುಕಡಿಮೆ ಇದೇ ಚಿತ್ರ ಕಾಣುತ್ತದೆ. ಒಂದು ವ್ಯತ್ಯಾಸ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ: ದತ್ತೂರಿಯಲ್ಲಿ ಕಣ್ಣಿನ ಪಾಪೆ ಚೆನ್ನಾಗಿ ಅಗಲವಾಗಿರುತ್ತದೆ, ಜಾಯಿಕಾಯಿಯಲ್ಲಿ ಎಷ್ಟೋ ಸಲ ಹಾಗಿರುವುದಿಲ್ಲ. ಆದರೆ ಮನೆಯಲ್ಲಿ ಕಣ್ಣು ನೋಡಿ ತೀರ್ಮಾನ ಮಾಡುತ್ತಾ ಕೂರಬೇಡಿ.

ಮನೆಯಲ್ಲಿ ಯಾರೋ ತುಂಬಾ ತಿಂದುಬಿಟ್ಟಿದ್ದಾರೆ. ಈಗ ಏನು ಮಾಡಲಿ?

ಲಕ್ಷಣ ಬರಲಿ ಎಂದು ಕಾಯಬೇಡಿ. ತಡವಾಗಿ ಬರುವುದೇ ಇದರ ಗುಣ ಎಂದು ಮೇಲೆ ನೋಡಿದೆವಲ್ಲ. ದೊಡ್ಡವರು ಎರಡು ಟೀ ಚಮಚ ಅಥವಾ ಒಂದು ಕಾಯಿಯಷ್ಟು ತಿಂದಿದ್ದರೆ, ಅಥವಾ ಮಗು ಎಷ್ಟೇ ತಿಂದಿದೆ ಎಂದು ಅನುಮಾನ ಬಂದರೆ, ತಕ್ಷಣ ವಿಷ ಮಾಹಿತಿ ಕೇಂದ್ರಕ್ಕೋ ವೈದ್ಯರಿಗೋ ಫೋನ್ ಮಾಡಿ. ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ, ಉಸಿರಾಟ ಸರಿ ಇಲ್ಲದಿದ್ದರೆ, ಎದೆನೋವು ಬಂದರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರದೆ ಆಂಬುಲೆನ್ಸ್ ಕರೆಯಿರಿ.

ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ. ಮಂಪರಿನಲ್ಲಿರುವವರಿಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಮಂಪರಿನಲ್ಲಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಒಬ್ಬರನ್ನೇ ಬಿಡಬೇಡಿ. ಗೊಂದಲದಲ್ಲಿ ಎದ್ದು ಓಡಾಡಿ ಬೀಳುವುದೂ ಉಂಟು.

ಆಸ್ಪತ್ರೆಗೆ ಹೋಗುವಾಗ ಡಬ್ಬಿ ಅಥವಾ ಉಳಿದ ಕಾಯಿಯನ್ನು ಜೊತೆಗೆ ಒಯ್ಯಿರಿ. ಎಷ್ಟು ತಿಂದರು, ಎಷ್ಟು ಗಂಟೆಗೆ ತಿಂದರು, ಜೊತೆಗೆ ಯಾವ ಮಾತ್ರೆ ಅಥವಾ ಮದ್ಯ ಇತ್ತು, ಇಷ್ಟು ಹೇಳಿ. ನಾಚಿಕೆಯಿಂದಲೋ ಬೈಗುಳದ ಭಯದಿಂದಲೋ ಜಾಯಿಕಾಯಿಯ ಮಾತನ್ನು ಮುಚ್ಚಿಡಬೇಡಿ. ಆಸ್ಪತ್ರೆಯಲ್ಲಿ ಮಾಡುವ ಸಾಮಾನ್ಯ ಮಾದಕವಸ್ತು ಪರೀಕ್ಷೆಯಲ್ಲಿ ಜಾಯಿಕಾಯಿ ಕಾಣುವುದಿಲ್ಲ. ನೀವು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ.

ಆಸ್ಪತ್ರೆಯಲ್ಲಿ ಇದಕ್ಕೆ ಪ್ರತಿವಿಷ ಕೊಡುತ್ತಾರಾ?

ಪ್ರತಿವಿಷ ಎಂಬುದು ಇಲ್ಲ. ಬೇಗ ಹೋದರೆ ಹೊಟ್ಟೆಯಲ್ಲಿ ಉಳಿದದ್ದನ್ನು ಹೀರಿಕೊಳ್ಳಲು ಇದ್ದಿಲಿನ ಔಷಧಿ ಕೊಡುವುದುಂಟು. ಇಸಿಜಿ ತೆಗೆದು ಎದೆಬಡಿತ ಗಮನಿಸುತ್ತಾರೆ. ವಾಂತಿಯಾಗಿದ್ದರೆ ಡ್ರಿಪ್ ಹಾಕುತ್ತಾರೆ. ಚಡಪಡಿಕೆ ಜೋರಾಗಿದ್ದರೆ ಅದನ್ನು ಇಳಿಸುವ ಔಷಧಿ ಕೊಡುತ್ತಾರೆ. ಉಳಿದದ್ದು ಕಾಯುವುದು. ಬಹುಪಾಲು ಜನ ಪೂರ್ತಿ ಗುಣವಾಗಿ ಮನೆಗೆ ಹೋಗುತ್ತಾರೆ.

ಜಾಯಿಕಾಯಿಯಿಂದ ಯಾರಾದರೂ ಸತ್ತಿದ್ದಾರಾ?

ಬಹಳ ಅಪರೂಪ, ಆದರೆ ಹೌದು. ಎರಡು ಕಾಯಿ, ಸುಮಾರು 14 ಗ್ರಾಂ, ತಿಂದ 8 ವರ್ಷದ ಹುಡುಗನೊಬ್ಬ ಸತ್ತದ್ದು 20ನೇ ಶತಮಾನದ ಆರಂಭದಲ್ಲಿ ದಾಖಲಾಗಿದೆ. 2001ರಲ್ಲಿ 55 ವರ್ಷದ ಮಹಿಳೆಯೊಬ್ಬರ ಸಾವು ವರದಿಯಾಯಿತು. ಅವರ ರಕ್ತದಲ್ಲಿ ಮಿರಿಸ್ಟಿಸಿನ್ ಜೊತೆಗೆ ಫ್ಲುನೈಟ್ರಜೆಪಾಮ್ ಎಂಬ ನಿದ್ದೆ ಔಷಧಿಯೂ ಇತ್ತು. ಎರಡರಲ್ಲೂ ಕಲಿಯಬೇಕಾದದ್ದು ಇದೆ. ಒಂದು ಕಡೆ ಚಿಕ್ಕ ಮೈ, ಇನ್ನೊಂದು ಕಡೆ ನಿದ್ದೆ ಔಷಧಿಯ ಜೊತೆ.

ಮಗು ರಾತ್ರಿಯೆಲ್ಲ ಅಳುತ್ತದೆ. ಹಾಲಿನಲ್ಲಿ ಚೂರು ತೇದು ಕೊಡಬಹುದಾ?

ದಯವಿಟ್ಟು ಕೊಡಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಲ್ಲಿನ ಮೇಲೆ ತೇದಾಗ ಎಷ್ಟು ಇಳಿಯಿತು ಎಂದು ಯಾರಿಗೂ ಹೇಳಲು ಆಗುವುದಿಲ್ಲ. ಒಂದು ದಿನ ಎರಡು ಸುತ್ತು, ಇನ್ನೊಂದು ದಿನ ಹತ್ತು ಸುತ್ತು. 60 ಕಿಲೋ ತೂಕದವರಿಗೆ 6 ಗ್ರಾಂ ಯಾವ ಗೆರೆಯೋ, 5 ಕಿಲೋ ತೂಕದ ಕೂಸಿಗೆ ಬರೀ ಲೆಕ್ಕದ ಪ್ರಕಾರ ಅದು ಅರ್ಧ ಗ್ರಾಂ. ಅಂದರೆ ಕಾಲು ಟೀ ಚಮಚಕ್ಕಿಂತಲೂ ಕಡಿಮೆ. ಕೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ಆ ಲೆಕ್ಕವನ್ನೂ ನಂಬುವ ಹಾಗಿಲ್ಲ. ಜೊತೆಗೆ ಮಗು ಮಂಪರಿನಲ್ಲಿದ್ದರೆ ಅದು ನಿದ್ದೆಯೋ ವಿಷವೋ ಎಂದು ತಾಯಿಗೆ ಗೊತ್ತಾಗುವುದಿಲ್ಲ. ಅದು ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಅಳು ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಜಾಯಿಕಾಯಿ ಈಗಾಗಲೇ ಕೊಟ್ಟಿದ್ದು ಮಗು ಎಬ್ಬಿಸಿದರೂ ಏಳುತ್ತಿಲ್ಲ, ಹಾಲು ಕುಡಿಯುತ್ತಿಲ್ಲ ಎಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಗರ್ಭಿಣಿಯರು?

ಅಡುಗೆಯಲ್ಲಿ ಪರಿಮಳಕ್ಕೆ ಬೀಳುವಷ್ಟು ಪರವಾಗಿಲ್ಲ. ನಿದ್ದೆಯ ಮದ್ದು ಎಂದು ದಿನಾ ಹಾಲಿಗೆ ಹಾಕಿಕೊಳ್ಳುವುದು ಬೇಡ. ಮೊಲೆಯುಣಿಸುವವರಿಗೂ ಇದೇ ಮಾತು.

ನಾನು ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಜೊತೆಗೆ ಈ ಹಾಲು ಕುಡಿಯಬಹುದಾ?

ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳದೆ ಬೇಡ. ಮಂಪರು ತರುವ ಎರಡು ವಸ್ತು ಒಟ್ಟಿಗೆ ಹೋದರೆ ಏನಾಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ಮದ್ಯ ಕುಡಿದ ರಾತ್ರಿಯೂ ಜಾಯಿಕಾಯಿ ಬೇಡ. ಖಿನ್ನತೆಗೆ, ಆತಂಕಕ್ಕೆ, ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವವರು ಮತ್ತು ಎದೆಬಡಿತದ ತೊಂದರೆ ಇರುವವರು ಬರೀ ಹಾಲು ಕುಡಿಯುವುದು ಒಳ್ಳೆಯದು. ಯಕೃತ್ತು ಕೆಲವು ಔಷಧಿಗಳನ್ನು ಒಡೆಯಲು ಬಳಸುವ ಕಿಣ್ವಗಳನ್ನು ಮಿರಿಸ್ಟಿಸಿನ್ ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಚಿಟಿಕೆಯಿಂದ ಅಷ್ಟೆಲ್ಲ ಆಗುವ ಸಾಧ್ಯತೆ ಕಡಿಮೆ. ಆದರೆ ಪುರಾವೆ ಇಲ್ಲದ ಒಂದು ಲಾಭಕ್ಕಾಗಿ ಅಷ್ಟನ್ನಾದರೂ ಯಾಕೆ ಎದುರು ಹಾಕಿಕೊಳ್ಳಬೇಕು?

ಪುಡಿಯ ಬದಲು ಜಾಯಿಕಾಯಿ ಎಣ್ಣೆಯ ಎರಡು ಹನಿ ಹಾಕಿದರೆ?

ಬೇಡವೇ ಬೇಡ. ಹತ್ತು ಗ್ರಾಂ ಪುಡಿಯಲ್ಲಿರುವ ಪರಿಮಳದ ಎಣ್ಣೆಯನ್ನೆಲ್ಲ ತೆಗೆದರೆ ಸುಮಾರು ಒಂದು ಮಿ.ಲೀ. ಆಗುತ್ತದೆ. ಅಂದರೆ ಬಾಟಲಿಯಿಂದ ಕೈ ತಪ್ಪಿ ಬಿದ್ದ ಒಂದು ಮಿ.ಲೀ.ಯೇ ವಿಷದ ಪ್ರಮಾಣ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಜಾಪತ್ರೆ ಅದೇ ಬೀಜದ ಮೇಲಿನ ಹೊದಿಕೆ. ಅದರಲ್ಲೂ ಇವೇ ವಸ್ತುಗಳಿವೆ. ಹಾಗಾಗಿ 'ಜಾಯಿಕಾಯಿ ಅಲ್ಲ, ಜಾಪತ್ರೆ ತಾನೇ' ಎಂದು ಕೈಬಿಟ್ಟು ಹಾಕಬೇಡಿ.

ನಾನು ವರ್ಷಗಳಿಂದ ಅರ್ಧ ಚಮಚ ಹಾಕುತ್ತಿದ್ದೇನೆ, ಏನೂ ಆಗಿಲ್ಲವಲ್ಲ?

ನಿಮ್ಮ ಪುಡಿ ಹಳೆಯದಿರಬಹುದು. ಪುಡಿ ಮಾಡಿಟ್ಟ ಜಾಯಿಕಾಯಿಯ ಎಣ್ಣೆ ದಿನ ಕಳೆದಂತೆ ಆರುತ್ತದೆ. ಮೂಸಿ ನೋಡಿ. ಮೂಗಿಗೆ ಹೊಡೆಯುವ ಪರಿಮಳ ಇಲ್ಲದಿದ್ದರೆ ಅದರಲ್ಲಿ ಉಳಿದಿರುವುದು ಹೆಚ್ಚಾಗಿ ಹೊಟ್ಟು. ತೊಂದರೆ ಬರುವುದು ಆ ಡಬ್ಬಿ ಮುಗಿದು ಹೊಸ ಕಾಯಿ ತಂದು ತುರಿದಾಗ. ಕೈ ಹಳೆಯ ಅಳತೆಯನ್ನೇ ಹಾಕುತ್ತದೆ, ಲೋಟಕ್ಕೆ ಬೀಳುವ ಎಣ್ಣೆ ಮಾತ್ರ ಎಷ್ಟೋ ಪಟ್ಟು ಜಾಸ್ತಿ. ಹೊಸ ಕಾಯಿ ಬಂದ ದಿನ ಅಳತೆಯನ್ನು ಎಂಟನೇ ಒಂದು ಚಮಚಕ್ಕೆ ಇಳಿಸಿ.

ಹುಳು ಕೊರೆದ, ಬೂಷ್ಟು ಹಿಡಿದ ಕಾಯಿಯನ್ನು ಎಸೆಯಿರಿ. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಬೇರೆಯೇ ವಿಷ. ಮೇಲಿನದನ್ನು ಕೆರೆದು ಒರೆಸಿದರೂ ಅದು ಹೋಗುವುದಿಲ್ಲ, ಹಾಲಿನ ಬಿಸಿಗೂ ಸಾಯುವುದಿಲ್ಲ.

ಹುಡುಗರು ಅಮಲಿಗೆ ತಿನ್ನುತ್ತಾರೆ ಎಂದು ಕೇಳಿದೆ. ಹೌದಾ?

ಹೌದು. ಅಡುಗೆಮನೆಯಲ್ಲಿ ಸುಲಭವಾಗಿ ಸಿಗುತ್ತದೆ, ಯಾರೂ ಅನುಮಾನ ಪಡುವುದಿಲ್ಲ ಎಂಬ ಕಾರಣಕ್ಕೆ. ತಿಂದವರು ಹೇಳಿಕೊಳ್ಳುವುದು ಹೆಚ್ಚಾಗಿ ವಾಂತಿ, ಭಯ ಮತ್ತು ಎರಡು ದಿನದ ಸುಸ್ತಿನ ಬಗ್ಗೆ. ಹದಿಹರೆಯದ ಮಗ ಅಥವಾ ಮಗಳು ಇದ್ದಕ್ಕಿದ್ದಂತೆ ಬಾಯಿ ಒಣಗಿ, ಎದೆ ಹೊಡೆದುಕೊಂಡು, ಏನೇನೋ ಮಾತಾಡುತ್ತಿದ್ದರೆ ಮಸಾಲೆ ಡಬ್ಬಿಯನ್ನೂ ಒಮ್ಮೆ ನೋಡಿ. ಖಾಲಿಯಾಗಿದ್ದರೆ ಬೈಯುವುದು ಆಮೇಲೆ, ಮೊದಲು ಆಸ್ಪತ್ರೆ.

ಮಿಕ್ಕ ಹಾಲನ್ನು ನಾಯಿಗೆ ಹಾಕಬಹುದಾ?

ಬೇಡ. ನಾಯಿಗಳಿಗೂ ಜಾಯಿಕಾಯಿ ವಿಷ.

ದಿನಾ ಕುಡಿಯಬಹುದಾ? ಎಷ್ಟು ದಿನ ನೋಡಬೇಕು?

ಆರೋಗ್ಯವಾಗಿರುವ ದೊಡ್ಡವರು ಚಿಟಿಕೆಯ ಅಳತೆಯಲ್ಲಿ ಕೆಲವು ದಿನ ಕುಡಿದರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ದಿನವೂ ಔಷಧಿಯಂತೆ ತೆಗೆದುಕೊಳ್ಳುವುದನ್ನು ನಾನು ಹೇಳುವುದಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಯಾಫ್ರೋಲ್ ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರ್ ತಂದಿದೆ. ಚಿಟಿಕೆಯಲ್ಲಿ ಅದು ಬಹಳ ಕಡಿಮೆ, ಆದರೂ ವರ್ಷವಿಡೀ ಸೇರಿಸುತ್ತಾ ಹೋಗಲು ಕಾರಣವಿಲ್ಲ. ಒಂದು ವಾರ ಜಾಯಿಕಾಯಿ ಇಲ್ಲದೆ ಬರೀ ಬಿಸಿ ಹಾಲು ಅದೇ ಹೊತ್ತಿಗೆ ಕುಡಿದು ನೋಡಿ. ನಿದ್ದೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಹಾಗೇ ಮುಂದುವರಿಸಿ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ನಡೆದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಷ್ಟು ದಿನ ಕಾಯಲೇಬೇಕು ಎಂದಿಲ್ಲ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವುದು, ಕಾಲಿನಲ್ಲಿ ಚಡಪಡಿಕೆ, ಬೆಳಗಿನ ಜಾವಕ್ಕೇ ಎಚ್ಚರವಾಗಿ ಮನಸ್ಸು ಕುಗ್ಗುವುದು, ಇವಿದ್ದರೆ ಬೇಗ ತೋರಿಸಿ. ಇವಕ್ಕೆಲ್ಲ ಬೇರೆ ಬೇರೆ ಚಿಕಿತ್ಸೆ ಇದೆ. ಬರೀ ನಿದ್ದೆ ಬಾರದ ತೊಂದರೆಗೆ ಈಗ ಮೊದಲು ಸೂಚಿಸುವುದು ಮಾತ್ರೆಯನ್ನಲ್ಲ, ನಿದ್ದೆಗೆಂದೇ ಇರುವ ಒಂದು ಬಗೆಯ ಕೌನ್ಸೆಲಿಂಗ್ ಚಿಕಿತ್ಸೆಯನ್ನು. ಮಲಗುವ ಹೊತ್ತು, ಹಾಸಿಗೆಯಲ್ಲಿ ಎಚ್ಚರವಾಗಿ ಕಳೆಯುವ ಹೊತ್ತು, ನಿದ್ದೆ ಬಾರದು ಎಂಬ ಭಯ, ಇವನ್ನು ಕೆಲವು ವಾರಗಳಲ್ಲಿ ಒಂದೊಂದಾಗಿ ತಿದ್ದುತ್ತಾರೆ. ಅದನ್ನು ಮಾಡುವಾಗಲೂ ರಾತ್ರಿ ಒಂದು ಲೋಟ ಬಿಸಿ ಹಾಲು ಕುಡಿಯಲು ಅಡ್ಡಿಯಿಲ್ಲ.